ಗೊಬ್ಬರದ ವರ್ತಕರ ಇಮೇಲ್ ಪತ್ರಗಳು ಮತ್ತು ರೈತ ಸಂಘಗಳು

ಮುಂಗಾರು ಬಿತ್ತನೆಗೆ ಒಂದೆರಡು ತಿಂಗಳು ಮುಂಚಿತವಾಗಿಯೇ ರೈತ ಉತ್ಪಾದಕರ ಸಹಕಾರ ಸಂಘಗಳಿಗೆ ಗೊಬ್ಬರದ ವರ್ತಕರಿಂದ ಪತ್ರಗಳು ಬರಲಾರಂಭಿಸುತ್ತವೆ. ಹಿಂದೆ ವರ್ತಕರ ಗುಮಾಸ್ತರು ಊರೂರಿಗೆ ಬಂದು, ಮುಖಂಡರ ಜಗುಲಿಯ ಮೇಲೆ ಕುಳಿತು ಹೇಳುತ್ತಿದ್ದ ಮಾತುಗಳೇ ಈಗ ಇಮೇಲಿನ ಮೂಲಕ ಬರುತ್ತಿವೆ. ಪತ್ರಗಳ ಒಕ್ಕಣೆ ಬಹಳ ವಿನಯಪೂರ್ವಕವಾಗಿರುತ್ತದೆ. "ಮಾನ್ಯ ಅಧ್ಯಕ್ಷರವರ ಸನ್ನಿಧಿಗೆ" ಎಂದು ಮೊದಲಾಗಿ, "ತಮ್ಮ ಸೇವೆಗೆ ಸದಾ ಸಿದ್ಧರು" ಎಂದು ಮುಗಿಯುತ್ತದೆ. ವಿನಯವು ಒಳ್ಳೆಯದೇ. ಆದರೆ ಅನೇಕ ಪತ್ರಗಳಲ್ಲಿ ವಿನಯವನ್ನು ತೆಗೆದುಹಾಕಿದರೆ ಉಳಿಯುವುದು ಮೂಟೆಯ ಹೆಸರು ಮತ್ತು ಮೂಟೆಯ ಬೆಲೆ ಇವೆರಡೇ. ಇವೆರಡನ್ನು ಮಾತ್ರ ನೋಡಿ ಖರೀದಿಯನ್ನು ನಿಶ್ಚಯಿಸುವ ಸಂಘವು ತನ್ನ ಸದಸ್ಯರ ಹಣವನ್ನು ಅಳತೆಯಿಲ್ಲದೆ ಕೊಟ್ಟಂತಾಗುವುದು.

ರೈತನು ಕೊಳ್ಳುವುದು ಮೂಟೆಯನ್ನಲ್ಲ, ಮೂಟೆಯೊಳಗಿನ ಸಾರವನ್ನು. ಗೊಬ್ಬರದ ಮೂಟೆಯ ಮೇಲಿರುವ ಮೂರು ಅಂಕಿಗಳು ನೂರು ಕಿಲೋಗ್ರಾಮಿಗೆ ಸಾರಜನಕ, ರಂಜಕ, ಪೊಟ್ಯಾಷ್ ಇವು ಎಷ್ಟೆಷ್ಟು ಇವೆಯೆಂಬುದನ್ನು ಕ್ರಮವಾಗಿ ತಿಳಿಸುತ್ತವೆ. ಯೂರಿಯಾದಲ್ಲಿ ಸಾರಜನಕ 46 ಭಾಗ ಮಾತ್ರ ಇದೆ. ಡಿ.ಎ.ಪಿ.ಯಲ್ಲಿ ಸಾರಜನಕ 18, ರಂಜಕ 46. ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಪೊಟ್ಯಾಷ್ 60. 10:26:26 ಎಂಬ ಸಂಯುಕ್ತ ಗೊಬ್ಬರದಲ್ಲಿ ಮೂರೂ ಇವೆ. ಇವುಗಳ ಮೂಟೆಗಳನ್ನು ಸಾಲಾಗಿ ಇಟ್ಟು ಬೆಲೆಯನ್ನು ಹೋಲಿಸುವುದು, ರಾಗಿಯ ಮೂಟೆಯನ್ನೂ ಹೊಟ್ಟಿನ ಮೂಟೆಯನ್ನೂ ಹೋಲಿಸಿದಂತೆ. ಎಕರೆಗೆ ಬೇಕಾದ ಸಾರವನ್ನು ಯಾವ ದಾರಿಯಲ್ಲಿ ತಂದರೆ ಎಷ್ಟು ಖರ್ಚಾಗುವುದೆಂಬುದೇ ಸರಿಯಾದ ಲೆಕ್ಕ.

ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ಒಂದು ಸಂಘದ ಸದಸ್ಯರು ಒಟ್ಟು 200 ಎಕರೆ ಖುಷ್ಕಿಯಲ್ಲಿ ರಾಗಿಯನ್ನು ಬಿತ್ತುವವರೆಂದೂ, ಮಣ್ಣಿನ ಪರೀಕ್ಷೆಯಾದ ಮೇಲೆ ಎಕರೆಗೆ 20 ಕಿಲೋಗ್ರಾಂ ಸಾರಜನಕ, 16 ಕಿಲೋಗ್ರಾಂ ರಂಜಕ, 15 ಕಿಲೋಗ್ರಾಂ ಪೊಟ್ಯಾಷ್ ಕೊಡಬೇಕೆಂದು ನಿಶ್ಚಯಿಸಿರುವರೆಂದೂ ಭಾವಿಸೋಣ. ವರ್ತಕರು ಇಮೇಲಿನಲ್ಲಿ 10:26:26 ಗೊಬ್ಬರವನ್ನು ವಿಶೇಷವಾಗಿ ಶಿಫಾರಸು ಮಾಡಿ, "ಮೂರೂ ಸಾರಗಳು ಒಂದೇ ಮೂಟೆಯಲ್ಲಿ" ಎಂದು ಬರೆದಿರುವರು. ಅವರ ದರಪಟ್ಟಿಯಲ್ಲಿ 50 ಕಿಲೋಗ್ರಾಮಿನ ಸಂಯುಕ್ತ ಗೊಬ್ಬರದ ಮೂಟೆಗೆ 1,700 ರೂಪಾಯಿ, ಅಷ್ಟೇ ತೂಕದ ಡಿ.ಎ.ಪಿ.ಗೆ 1,350, ಪೊಟ್ಯಾಷಿಗೆ 1,700, ಮತ್ತು 45 ಕಿಲೋಗ್ರಾಮಿನ ಯೂರಿಯಾ ಮೂಟೆಗೆ 266 ರೂಪಾಯಿ 50 ಪೈಸೆ ಎಂದು ಇರಲಿ. ಈ ಬೆಲೆಗಳು ಲೆಕ್ಕವನ್ನು ತೋರಿಸುವುದಕ್ಕಾಗಿ ಇಟ್ಟುಕೊಂಡವು. ಪ್ರತಿಯೊಂದು ಸಂಘವೂ ಆಯಾ ದಿನದ ಮೂಟೆಯ ಮೇಲೆ ಅಚ್ಚಾಗಿರುವ ಬೆಲೆಯನ್ನು ಇದೇ ಕ್ರಮದಲ್ಲಿ ಹಾಕಿ ನೋಡತಕ್ಕದ್ದು.

ಮೊದಲು ಸಂಯುಕ್ತ ಗೊಬ್ಬರದ ದಾರಿ. 16 ಕಿಲೋಗ್ರಾಂ ರಂಜಕಕ್ಕೆ ಎಕರೆಗೆ ಸುಮಾರು 61.5 ಕಿಲೋಗ್ರಾಂ 10:26:26 ಬೇಕಾಗುತ್ತದೆ. ಇದರಿಂದ ಪೊಟ್ಯಾಷೂ 16 ಕಿಲೋಗ್ರಾಂ ದೊರೆಯುತ್ತದೆ, ಸಾರಜನಕವು 6 ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಉಳಿದ ಸುಮಾರು 14 ಕಿಲೋಗ್ರಾಂ ಸಾರಜನಕಕ್ಕೆ 30 ಕಿಲೋಗ್ರಾಂ ಯೂರಿಯಾವನ್ನು ಕೊಡಲೇಬೇಕು. ಆದ್ದರಿಂದ "ಒಂದೇ ಮೂಟೆ" ಎಂಬ ಮಾತು ಪೂರ್ತಿ ನಿಜವಲ್ಲ. 200 ಎಕರೆಗೆ 246 ಮೂಟೆ ಸಂಯುಕ್ತ ಗೊಬ್ಬರ ಮತ್ತು 134 ಮೂಟೆ ಯೂರಿಯಾ ಸೇರಿ 4,53,911 ರೂಪಾಯಿ ಆಗುವುದು.

ಎರಡನೆಯದು ಬಿಡಿ ಗೊಬ್ಬರಗಳ ದಾರಿ. ಅದೇ 16 ಕಿಲೋಗ್ರಾಂ ರಂಜಕವನ್ನು ಸುಮಾರು 35 ಕಿಲೋಗ್ರಾಂ ಡಿ.ಎ.ಪಿ. ಕೊಡುತ್ತದೆ, ಜೊತೆಗೆ 6 ಕಿಲೋಗ್ರಾಮಿಗೂ ಹೆಚ್ಚು ಸಾರಜನಕವನ್ನೂ ಕೊಡುತ್ತದೆ. 25 ಕಿಲೋಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕಿದರೆ ಪೊಟ್ಯಾಷ್ 15 ಕಿಲೋಗ್ರಾಂ ಆಯಿತು. ಯೂರಿಯಾ ಇಲ್ಲಿಯೂ ಸುಮಾರು 30 ಕಿಲೋಗ್ರಾಂ. 200 ಎಕರೆಗೆ ಡಿ.ಎ.ಪಿ. 140 ಮೂಟೆ, ಪೊಟ್ಯಾಷ್ 100 ಮೂಟೆ, ಯೂರಿಯಾ 133 ಮೂಟೆ, ಒಟ್ಟು 3,94,444 ರೂಪಾಯಿ 50 ಪೈಸೆ. ಎರಡು ದಾರಿಗಳಿಗೂ ಇರುವ ಅಂತರ 59,000 ರೂಪಾಯಿಗೆ ಮೇಲ್ಪಟ್ಟು. ನೆಲಕ್ಕೆ ಸೇರುವ ಸಾರ ಹೆಚ್ಚುಕಡಮೆ ಒಂದೇ.

ಸಂಯುಕ್ತ ಗೊಬ್ಬರಕ್ಕೆ ಗುಣವಿಲ್ಲವೆಂದು ಇದರಿಂದ ಭಾವಿಸಕೂಡದು. ಒಂದೊಂದು ಹರಳಿನಲ್ಲಿಯೂ ಮೂರೂ ಸಾರಗಳಿರುವುದರಿಂದ ಕೂರಿಗೆಯಲ್ಲಿ ಸಮನಾಗಿ ಬೀಳುತ್ತದೆ, ಬೆರಸುವ ಕೂಲಿಯೂ ಉಳಿಯುತ್ತದೆ. ಪೊಟ್ಯಾಷ್ ಸಿಕ್ಕದ ವರ್ಷದಲ್ಲಿ ಅದೇ ಗತಿ. ಆದರೆ ಆ ಅನುಕೂಲಕ್ಕೆ ಎಕರೆಗೆ ಸುಮಾರು 300 ರೂಪಾಯಿ ಕೊಡಬಹುದೇ ಬೇಡವೇ ಎಂಬುದನ್ನು ನಿರ್ಧರಿಸತಕ್ಕವರು ಸದಸ್ಯರು, ವರ್ತಕರ ಶಿಫಾರಸಲ್ಲ.

ಡಿ.ಎ.ಪಿ.ಯು ಬೇಕಾದಾಗ ದೊರೆಯದಿರುವುದೂ ಉಂಟು. 2024 ಮತ್ತು 2025ರಲ್ಲಿ ದೇಶದ ಅನೇಕ ಕಡೆ ಅದರ ಅಭಾವ ಕಂಡುಬಂದಿತು. ಅಂತಹ ಸಮಯದಲ್ಲಿ ಸೂಪರ್ ಫಾಸ್ಫೇಟು ಮೂರನೆಯ ದಾರಿ. ಅದರಲ್ಲಿ ರಂಜಕ 16 ಭಾಗ ಮಾತ್ರ ಇರುವುದರಿಂದ ಎಕರೆಗೆ 100 ಕಿಲೋಗ್ರಾಂ, ಅಂದರೆ ಎರಡು ಮೂಟೆ ಬೇಕು. 200 ಎಕರೆಗೆ 7 ಟನ್ ಡಿ.ಎ.ಪಿ.ಯ ಬದಲು 20 ಟನ್ ಸಾಗಿಸಬೇಕಾಗುವುದರಿಂದ ಲಾರಿಯ ಬಾಡಿಗೆಯನ್ನು ಸೇರಿಸದೆ ಲೆಕ್ಕ ಹಾಕಬಾರದು. ಸಾರಜನಕ ಇದರಲ್ಲಿ ಇಲ್ಲವಾದ್ದರಿಂದ ಯೂರಿಯಾವೂ ಎಕರೆಗೆ 43 ಕಿಲೋಗ್ರಾಮಿಗೆ ಏರುತ್ತದೆ. ಇದಕ್ಕೆ ಪ್ರತಿಯಾಗಿ ಎಕರೆಗೆ 11 ಕಿಲೋಗ್ರಾಂ ಗಂಧಕವು ದೊರೆಯುತ್ತದೆ. ರಾಗಿಗಿಂತಲೂ ಕಡಲೆಕಾಯಿಯ ಬೆಳೆಗೆ ಈ ಗಂಧಕದ ಬೆಲೆ ಹೆಚ್ಚು. ಯೂರಿಯಾವನ್ನೂ ಸೂಪರ್ ಫಾಸ್ಫೇಟನ್ನೂ ಬೆರಸಿ ಇಟ್ಟರೆ ನೀರೊಡೆದು ಮುದ್ದೆಯಾಗುವುದರಿಂದ, ಬೆರಸುವುದಾದರೆ ಹೊಲದಲ್ಲಿ ಆ ಹೊತ್ತಿಗೆ ಬೇಕಾದಷ್ಟನ್ನೇ ಬೆರಸಬೇಕು.

ಮೇಲಿನ ಲೆಕ್ಕವನ್ನು ಮೂಟೆಯ ಮೇಲೆ ಅಚ್ಚಾಗಿರುವ ಗರಿಷ್ಠ ಬೆಲೆಯಿಂದ ಮಾಡಿದ್ದಾಯಿತು, ಏಕೆಂದರೆ ಸದಸ್ಯನು ಕೊಡುವುದು ಅದನ್ನೇ. ಆದರೆ ಸಂಘಕ್ಕೆ ಇನ್ನೊಂದು ಲೆಕ್ಕವಿದೆ, ಅದು ಸಾಗಾಣಿಕೆಯದು. ಅಚ್ಚಾದ ಬೆಲೆಗಿಂತ ಒಂದು ಪೈಸೆಯನ್ನೂ ಹೆಚ್ಚಾಗಿ ರೈತನಿಂದ ತೆಗೆದುಕೊಳ್ಳುವ ಅಧಿಕಾರ ಯಾವ ಮಾರಾಟಗಾರನಿಗೂ ಇಲ್ಲ, ಸಂಘಕ್ಕೂ ಇಲ್ಲ. ವರ್ತಕರು ಯೂರಿಯಾವನ್ನು ತಮ್ಮ ಉಗ್ರಾಣದ ಬಾಗಿಲಿನಲ್ಲಿ ಮೂಟೆಗೆ 251 ರೂಪಾಯಿಯಂತೆ ಕೊಡುವುದಾಗಿ ಬರೆದರೆ, ಸಂಘಕ್ಕೆ 15 ರೂಪಾಯಿಗೂ ಹೆಚ್ಚು ಉಳಿಯುವುದೆಂದು ತೋರುವುದು. ಲಾರಿಯ ಬಾಡಿಗೆ ಮೂಟೆಗೆ 14 ರೂಪಾಯಿ, ಇಳಿಸುವ ಹಮಾಲಿ 4 ರೂಪಾಯಿ ಆದರೆ ಸಂಘದ ಅಸಲೇ 269 ರೂಪಾಯಿ ಆಗುತ್ತದೆ. ಆಗ ಮಾರಿದ ಪ್ರತಿಯೊಂದು ಮೂಟೆಗೂ ಎರಡೂವರೆ ರೂಪಾಯಿ ನಷ್ಟ. ಈ ನಷ್ಟವನ್ನು ತುಂಬಲು ಕಾರ್ಯದರ್ಶಿಯು ಸದಸ್ಯರಿಂದ "ಬಾಡಿಗೆ" ಎಂದು ಹೆಚ್ಚು ಹಣವನ್ನು ವಸೂಲು ಮಾಡಿದರೆ ಅಪರಾಧಕ್ಕೆ ಗುರಿಯಾಗುವವರು ಸಂಘದವರೇ ಹೊರತು ವರ್ತಕರಲ್ಲ. ಆದಕಾರಣ ದರವು ಯಾವ ಸ್ಥಳದವರೆಗಿನದು ಎಂಬ ಒಂದು ಸಾಲು ಪತ್ರದಲ್ಲಿ ಇಲ್ಲದಿದ್ದರೆ ಆ ಪತ್ರಕ್ಕೆ ದರಪಟ್ಟಿಯೆಂಬ ಹೆಸರು ಸಲ್ಲದು.

ಇನ್ನು ಕೆಲವು ಪತ್ರಗಳ ಕೊನೆಯಲ್ಲಿ ಸಣ್ಣದೊಂದು ಷರತ್ತು ಇರುತ್ತದೆ. ಡಿ.ಎ.ಪಿ. ಬೇಕಾದವರು ಅದರೊಡನೆ ಮತ್ತೊಂದು ಸರಕನ್ನೂ ತೆಗೆದುಕೊಳ್ಳಬೇಕೆಂಬುದೇ ಆ ಷರತ್ತು. ಉದಾಹರಣೆಗೆ, ನಾಲ್ಕು ಮೂಟೆ ಡಿ.ಎ.ಪಿ.ಗೆ ಅರ್ಧ ಲೀಟರಿನ ನ್ಯಾನೋ ಯೂರಿಯಾ ಸೀಸೆ ಒಂದು ಎಂದಿರಲಿ. ಸೀಸೆಗೆ 225 ರೂಪಾಯಿಯಾದರೆ 140 ಮೂಟೆಗೆ 35 ಸೀಸೆಗಳು, 7,875 ರೂಪಾಯಿ. ನೂರು ಮಿಲಿಲೀಟರಿಗೆ 20 ಗ್ರಾಂ ಸಾರಜನಕವಿದೆಯೆಂದು ಚೀಟಿಯಲ್ಲಿ ನಮೂದಾಗಿದ್ದರೆ ಒಂದು ಸೀಸೆಯಲ್ಲಿರುವುದು 100 ಗ್ರಾಂ, 35 ಸೀಸೆಗಳಲ್ಲಿ ಮೂರೂವರೆ ಕಿಲೋಗ್ರಾಂ. ಇಷ್ಟೇ ಸಾರಜನಕವು ಯೂರಿಯಾ ಮೂಟೆಯಲ್ಲಿ ಸುಮಾರು 45 ರೂಪಾಯಿಗೆ ದೊರೆಯುತ್ತದೆ. ಸಂಘದ ಒಟ್ಟು ಅಗತ್ಯವಾದರೋ 4,000 ಕಿಲೋಗ್ರಾಂ. ಎಲೆಯ ಮೇಲೆ ಸಿಂಪಡಿಸಿದ್ದು ನೆಲಕ್ಕೆ ಹಾಕಿದ್ದಕ್ಕಿಂತ ಅಲ್ಪ ಪ್ರಮಾಣದಲ್ಲಿಯೇ ಕೆಲಸ ಮಾಡುವುದೆಂದು ಮಾರುವವರು ವಾದಿಸುತ್ತಾರೆ. ಆ ವಾದವನ್ನು ಪರೀಕ್ಷಿಸಬೇಕೆನ್ನುವವರು ಒಂದೆರಡು ಸೀಸೆಗಳನ್ನು ಕೊಂಡು, ಒಂದೇ ಹೊಲದಲ್ಲಿ ಸಿಂಪಡಿಸಿದ ಪಟ್ಟೆಯನ್ನೂ ಸಿಂಪಡಿಸದ ಪಟ್ಟೆಯನ್ನೂ ಪಕ್ಕಪಕ್ಕದಲ್ಲಿಟ್ಟು ತೆನೆಯನ್ನು ತೂಗಿ ನೋಡಲಿ. ಪರೀಕ್ಷೆಗೆ ಕೊಳ್ಳುವುದು ಬೇರೆ, ಬಲವಂತಕ್ಕೆ ಕೊಳ್ಳುವುದು ಬೇರೆ. ಹೀಗೆ ಒಂದಕ್ಕೊಂದನ್ನು ಗಂಟುಹಾಕಿ ಮಾರುವುದನ್ನು ತಡೆಯಬೇಕೆಂದು 2025ರ ಜುಲೈ ತಿಂಗಳಿನಲ್ಲಿ ಕೇಂದ್ರ ಕೃಷಿ ಮಂತ್ರಿಗಳು ಎಲ್ಲಾ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಬರೆದಿರುವರು. ಅಂತಹ ಷರತ್ತು ಲಿಖಿತವಾಗಿ ಬಂದರೆ ಆ ಇಮೇಲನ್ನು ಅಳಿಸದೆ, ಅದರ ಪ್ರತಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕಳುಹಿಸುವುದು ಉಚಿತ.

ಹಾಗಾದರೆ ಸರಿಯಾದ ಪತ್ರವು ಹೇಗಿರಬೇಕು? ಮೇಲಿನ ಸಂಘಕ್ಕೆ ಬರೆಯುವ ವರ್ತಕರು ಈ ಮಾದರಿಯನ್ನು ಅನುಸರಿಸಬಹುದು:

"ವಿಷಯ: ಮುಂಗಾರು ರಾಗಿಗೆ ಗೊಬ್ಬರದ ದರಪಟ್ಟಿ, 200 ಎಕರೆ.

ಮಾನ್ಯ ಅಧ್ಯಕ್ಷರಿಗೆ ಮತ್ತು ಆಡಳಿತ ಮಂಡಳಿಯವರಿಗೆ ವಂದನೆಗಳು.

ತಾವು ತಿಳಿಸಿದ ಮಣ್ಣಿನ ಪರೀಕ್ಷೆಯ ಆಧಾರದ ಮೇಲೆ ಡಿ.ಎ.ಪಿ. 140 ಮೂಟೆ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 100 ಮೂಟೆ, ಯೂರಿಯಾ 133 ಮೂಟೆ ಬೇಕಾಗುವುದೆಂದು ಲೆಕ್ಕ ಹಾಕಿದ್ದೇವೆ. ಒಂದೊಂದರ ಸಾರದ ಪ್ರಮಾಣ, ತಯಾರಕರ ಹೆಸರು, ಮೂಟೆಯ ಮೇಲಿನ ಬೆಲೆ, ಸಂಘಕ್ಕೆ ನಮ್ಮ ದರ ಇವನ್ನು ಪಟ್ಟಿಯಲ್ಲಿ ತೋರಿಸಿದೆ. ದರವು ತಮ್ಮ ಉಗ್ರಾಣದಲ್ಲಿ ಇಳಿಸಿಕೊಡುವವರೆಗಿನದು. ಡಿ.ಎ.ಪಿ., ಪೊಟ್ಯಾಷ್ ಪೂರ್ತಿಯಾಗಿಯೂ ಯೂರಿಯಾ 36 ಮೂಟೆಯೂ ಬಿತ್ತನೆಗೆ ಹತ್ತು ದಿನ ಮುಂಚೆ ತಲುಪುವುವು. ಉಳಿದ 97 ಮೂಟೆ ಯೂರಿಯಾ ಬಿತ್ತನೆಯಾದ ಮೂರನೆಯ ವಾರದಲ್ಲಿ ತಲುಪುವುದು. ಒಂದರ ಖರೀದಿಗೆ ಮತ್ತೊಂದರ ಖರೀದಿಯ ನಿರ್ಬಂಧವಿಲ್ಲ. ತೂಕ ಕಡಮೆಯಾದ ಅಥವಾ ಒಡೆದ ಮೂಟೆಗಳನ್ನು ನಮ್ಮ ಖರ್ಚಿನಲ್ಲಿ ಬದಲಾಯಿಸಿಕೊಡುವೆವು. ನಮ್ಮ ಮಾರಾಟದ ಅಧಿಕಾರ ಪತ್ರದ ಮತ್ತು ತಯಾರಕರು ಕೊಟ್ಟ ಮೂಲ ದೃಢೀಕರಣ ಪತ್ರದ ಪ್ರತಿಗಳನ್ನು ಲಗತ್ತಿಸಿದೆ. ಈ ದರವು ಇಂದಿನಿಂದ ಹದಿನೈದು ದಿನಗಳವರೆಗೆ ಊರ್ಜಿತದಲ್ಲಿರುವುದು."

ಈ ಪತ್ರದಲ್ಲಿ ಯೂರಿಯಾವನ್ನು ಎರಡು ಕಂತುಗಳಾಗಿ ವಿಂಗಡಿಸಿರುವುದಕ್ಕೆ ಕಾರಣವಿದೆ. ಸಾರಜನಕದಲ್ಲಿ ಅರ್ಧವನ್ನು ಬಿತ್ತುವಾಗಲೂ ಉಳಿದರ್ಧವನ್ನು ಪೈರು ನಿಂತ ಮೇಲೆ ಮೇಲುಗೊಬ್ಬರವಾಗಿಯೂ ಕೊಡಬೇಕು. ಬಿತ್ತುವಾಗ ಬೇಕಾದ 10 ಕಿಲೋಗ್ರಾಮಿನಲ್ಲಿ 6ಕ್ಕೂ ಹೆಚ್ಚನ್ನು ಡಿ.ಎ.ಪಿ.ಯೇ ಕೊಡುವುದರಿಂದ ಯೂರಿಯಾ ಎಕರೆಗೆ 8 ಕಿಲೋಗ್ರಾಂ ಸಾಕು. ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಂಡರೆ ಮಳೆಗಾಲದ ತೇವವನ್ನು ಹೀರಿ ಗಟ್ಟಿಯಾಗುವುದಲ್ಲದೆ, ಕೈಯಲ್ಲಿದೆಯೆಂಬ ಕಾರಣದಿಂದ ಬಿತ್ತುವಾಗಲೇ ಹೆಚ್ಚಾಗಿ ಸುರಿಯುವ ಪ್ರವೃತ್ತಿಯೂ ಬರುತ್ತದೆ. ಬೆಳೆಯ ಕಾಲವನ್ನು ಅರಿತು ಬರೆದ ವರ್ತಕರಿಗೂ, ಉಗ್ರಾಣವನ್ನು ಖಾಲಿ ಮಾಡುವುದಕ್ಕಾಗಿ ಬರೆದ ವರ್ತಕರಿಗೂ ಇರುವ ವ್ಯತ್ಯಾಸವು ಈ ಒಂದು ಸಾಲಿನಿಂದಲೇ ತಿಳಿದುಬರುತ್ತದೆ. ಮೇಲುಗೊಬ್ಬರದ ಕಾಲಕ್ಕೆ ಯೂರಿಯಾ ಸಿಕ್ಕದೆಂಬ ಭಯವಿದ್ದರೆ, ಎರಡನೆಯ ಕಂತಿನ ದಿನಾಂಕವನ್ನು ಒಪ್ಪಂದದಲ್ಲಿಯೇ ಬರೆಯಿಸಿಕೊಳ್ಳಬೇಕು.

ಅಧಿಕಾರ ಪತ್ರ ಮತ್ತು ಮೂಲ ದೃಢೀಕರಣ ಪತ್ರಗಳ ವಿಷಯವನ್ನೂ ಲಘುವಾಗಿ ಎಣಿಸಕೂಡದು. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಅಧಿಕಾರ ಪತ್ರವಿಲ್ಲದೆ ಗೊಬ್ಬರವನ್ನು ಮಾರುವಂತಿಲ್ಲ. ಮಾರುವವರಿಗೆ ಸರಕು ಯಾವ ತಯಾರಕರಿಂದ ಅಥವಾ ಸಗಟು ವರ್ತಕರಿಂದ ಬರುತ್ತದೆಯೆಂಬುದನ್ನು "ಒ" ನಮೂನೆಯ ಪತ್ರವು ತೋರಿಸುತ್ತದೆ. ಸಂಘವು ಸದಸ್ಯರಿಗೆ ಮಾರುವುದಾದರೆ ಸಂಘಕ್ಕೂ ಈ ಎರಡೂ ಇರಬೇಕು. ಸಹಾಯಧನವಿರುವ ಗೊಬ್ಬರವನ್ನು ಯಂತ್ರದಲ್ಲಿ ರೈತನ ಗುರುತನ್ನು ದಾಖಲಿಸಿಯೇ ಮಾರಬೇಕಾದ್ದರಿಂದ, ಆ ಯಂತ್ರವಿಲ್ಲದ ಸಂಘವು ಎಷ್ಟು ಅಗ್ಗವಾಗಿ ಕೊಂಡರೂ ಕ್ರಮಬದ್ಧವಾಗಿ ಮಾರಲಾರದು.

ಇಮೇಲಿಗೇ ವಿಶೇಷವಾದ ಅಪಾಯ ಮತ್ತೊಂದಿದೆ. ಪರಿಚಿತ ವರ್ತಕರ ಹೆಸರಿನಲ್ಲಿಯೇ, ವಿಳಾಸದಲ್ಲಿ ಒಂದಕ್ಷರ ಮಾತ್ರ ವ್ಯತ್ಯಾಸವಾಗಿ, "ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಹಣವನ್ನು ಈ ಹೊಸ ಖಾತೆಗೆ ಕಳುಹಿಸಿರಿ" ಎಂಬ ಪತ್ರ ಬರಬಹುದು. ಕೆಲವು ಸಲ ವರ್ತಕರ ನಿಜವಾದ ಇಮೇಲನ್ನೇ ಕಳ್ಳರು ಒಳಹೊಕ್ಕು ಬಳಸುವುದುಂಟಾದ್ದರಿಂದ ವಿಳಾಸವು ಸರಿಯಾಗಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಖಾತೆಯ ಬದಲಾವಣೆಯ ಮಾತು ಬಂದೊಡನೆ, ಆ ಪತ್ರದಲ್ಲಿ ಕೊಟ್ಟಿರುವ ದೂರವಾಣಿಗಲ್ಲ, ಹಿಂದಿನ ರಸೀತಿಯಲ್ಲಿರುವ ದೂರವಾಣಿಗೆ ಮಾತನಾಡಿ ವಿಚಾರಿಸಬೇಕು. ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಒಪ್ಪಿ ದಾಖಲೆಯಲ್ಲಿ ರುಜು ಮಾಡುವವರೆಗೆ ಹಣ ಹೊರಡಬಾರದು.

ಸರಕು ಬಂದಾಗ ಪತ್ರವನ್ನು ಕೈಯಲ್ಲಿ ಹಿಡಿದೇ ಇಳಿಸಿಕೊಳ್ಳತಕ್ಕದ್ದು. ಹತ್ತು ಮೂಟೆಗೊಂದರಂತೆ ತೂಗಿ, ಹೊಲಿಗೆ ಕೈಯದೋ ಯಂತ್ರದ್ದೋ ನೋಡಿ, ಮೂಟೆಯ ಮೇಲಿನ ತಯಾರಿಕೆಯ ಗುಂಪಿನ ಸಂಖ್ಯೆಯನ್ನು ರವಾನೆ ಚೀಟಿಯ ಮೇಲೆ ಬರೆದುಕೊಳ್ಳಬೇಕು. ಡಿ.ಎ.ಪಿ.ಯ ಕೆಲವು ಹರಳುಗಳನ್ನು ಅಂಗೈಯಲ್ಲಿ ಸುಣ್ಣದೊಡನೆ ಉಜ್ಜಿದರೆ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬರಬೇಕು. ಯೂರಿಯಾವನ್ನು ಕಾದ ಬಾಣಲೆಯ ಮೇಲೆ ಹಾಕಿದರೆ ಏನೂ ಉಳಿಯದಂತೆ ಕರಗಬೇಕು. ಇವು ತೀರ ಕೆಟ್ಟ ಕಲಬೆರಕೆಯನ್ನು ಬಯಲುಮಾಡುವುವೇ ಹೊರತು ಸಾರವು ಪೂರ್ತಿಯಾಗಿ ಇದೆಯೆಂಬುದಕ್ಕೆ ಸಾಕ್ಷಿಯಾಗಲಾರವು. ಡಿ.ಎ.ಪಿ.ಗೆ ಸೂಪರ್ ಫಾಸ್ಫೇಟಿನ ಹರಳನ್ನು ಅರ್ಧದಷ್ಟು ಬೆರಸಿದ್ದರೂ ವಾಸನೆ ಬಂದೇ ಬರುತ್ತದೆ. ಸಂಶಯವಿದ್ದರೆ ಮೂಟೆಗಳನ್ನು ಬಿಚ್ಚಿ ಹಂಚುವುದಕ್ಕೆ ಮುಂಚೆಯೇ ಕೃಷಿ ಅಧಿಕಾರಿಗಳಿಗೆ ತಿಳಿಸಿ ಮಾದರಿಯನ್ನು ತೆಗೆಯಿಸಿ ಪ್ರಯೋಗಶಾಲೆಗೆ ಕಳುಹಿಸಬೇಕು. ಹಂಚಿ, ಹೊಲಕ್ಕೆ ಸೇರಿದ ಮೇಲೆ ದೂರಿಗೆ ಆಧಾರವು ಉಳಿಯುವುದಿಲ್ಲ.

ಈ ವಿಷಯದಲ್ಲಿ ಸಂಘಗಳು ವರ್ತಕರ ಪತ್ರಕ್ಕಾಗಿ ಕಾದು ಕುಳಿತಿರುವ ಪದ್ಧತಿಯೇ ಸರಿಯಲ್ಲವೆಂದು ಹೇಳಬೇಕಾಗಿದೆ. ಎಕರೆಗಳ ಸಂಖ್ಯೆ, ಎಕರೆಗೆ ಬೇಕಾದ ಸಾರ, ಉಗ್ರಾಣವಿರುವ ಸ್ಥಳ, ಎರಡು ಕಂತುಗಳ ದಿನಾಂಕ ಇಷ್ಟನ್ನು ಬರೆದು ಸಂಘವೇ ಮೂರು ನಾಲ್ಕು ವರ್ತಕರಿಗೆ ಒಂದೇ ಒಕ್ಕಣೆಯ ಇಮೇಲನ್ನು ಏಪ್ರಿಲ್ ತಿಂಗಳು ಮುಗಿಯುವುದರೊಳಗಾಗಿ ಕಳುಹಿಸಿದರೆ, ಬರುವ ಉತ್ತರಗಳೆಲ್ಲವೂ ಒಂದೇ ಅಳತೆಗೆ ಒಳಪಡುವುವು. ಪ್ರಾಮಾಣಿಕರಾದ ವರ್ತಕರಿಗೂ ಇದರಿಂದ ನಷ್ಟವಿಲ್ಲ. ಎಷ್ಟು ಮೂಟೆಯನ್ನು ಯಾವ ದಿನ ಎಲ್ಲಿಗೆ ಕಳುಹಿಸಬೇಕೆಂಬುದು ಅವರಿಗೂ ಮೊದಲೇ ತಿಳಿಯುತ್ತದೆ. ಬಂದ ಉತ್ತರಗಳನ್ನು ಎಕರೆಯ ಖರ್ಚಿಗೆ ಇಳಿಸಿ, ಒಂದೇ ಹಾಳೆಯಲ್ಲಿ ಬರೆದು ಸಂಘದ ಬಾಗಿಲಿಗೆ ಅಂಟಿಸಿದರೆ, ಯಾವ ವರ್ತಕರನ್ನು ಏಕೆ ಆರಿಸಲಾಯಿತೆಂದು ಯಾವ ಸದಸ್ಯನೂ ಕೇಳಬೇಕಾದ ಪ್ರಮೇಯವಿರುವುದಿಲ್ಲ.